ಒಂದು ಹೊಲಿಗೆ ಕೋರ್ಸಿನ ಫೈಲು, ಹನ್ನೊಂದು ತಿಂಗಳು

ಕಳೆದ ವಾರ ನಮ್ಮ ಹೊಲಿಗೆ ಕೋರ್ಸಿಗೆ ಒಪ್ಪಿಗೆ ಪತ್ರ ಬಂತು. ಜನವರಿಯಲ್ಲಿ ಹಿಡಿದ ಕೆಲಸ, ನವೆಂಬರಿನಲ್ಲಿ ಮುಗಿಯಿತು. ಮಧ್ಯದಲ್ಲಿ ಫೈಲು ಎರಡು ಸಲ ವಾಪಸ್ ಬಂತು. ಎರಡನೇ ಸಲ ಬಂದಾಗ ನಾನು ಅದನ್ನು ಬೀರುವಿನ ಮೇಲೆ ಹಾಕಿ ಹತ್ತು ದಿನ ಮುಟ್ಟಲಿಲ್ಲ. ಸಣ್ಣ ಕೇಂದ್ರ ನಡೆಸುವವರು, ಹೊಲಿಗೆ ಟೀಚರ್‌ಗಳು ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದ್ದರೆ, ನಾನು ಎಡವಿದ ಕಡೆ ನೀವೂ ಎಡವಬೇಕಿಲ್ಲ ಅಂತ ಬರೆಯುತ್ತಿದ್ದೇನೆ.

ಸೋಮವಾರಪೇಟೆ ಹತ್ತಿರ ಒಂದು ಮಹಿಳಾ ಸಂಘದ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಹೊಲಿಗೆ ಕಲಿಸುತ್ತಿದ್ದೇನೆ. ಕಾಲಲ್ಲಿ ತುಳಿಯುವ ಹತ್ತು ಮಷಿನ್, ಎರಡು ಪವರ್ ಮಷಿನ್, ಒಂದು ಜಿಗ್‌ಜಾಗ್. ನಮ್ಮ ಪಾಠಪಟ್ಟಿ ಅಂತ ಇದ್ದದ್ದು ಒಂದೇ ಹಾಳೆ. ದಿಂಬಿನ ಕವರ್, ಲಂಗ, ಮಗುವಿನ ಫ್ರಾಕ್, ಬ್ಲೌಸ್, ಚೂಡಿದಾರ್. ಪ್ರತಿಯೊಂದರ ಮುಂದೆ ‘ಹೊಲಿಯುವ ವಿಧಾನ ತಿಳಿಯುವುದು’ ಎಂಬ ಒಂದೇ ಸಾಲು.

ಹಣ ಕೊಡುವ ಸಂಸ್ಥೆಯವರು ಈ ವರ್ಷ ಇದು ನಡೆಯಲ್ಲ ಅಂದರು. ಕೋರ್ಸು ಮುಗಿಸಿದವರಿಗೆ ಏನು ಮಾಡಲು ಬರುತ್ತದೆ ಅಂತ ಬರೆಯಬೇಕು. ಯೂನಿಟ್ ಯೂನಿಟ್ ಆಗಿ ಒಡೆಯಬೇಕು, ಪ್ರತಿ ಯೂನಿಟ್‌ಗೆ ಎಷ್ಟು ಗಂಟೆ, ಪರೀಕ್ಷೆ ಹೇಗೆ ಅಂತ ತೋರಿಸಬೇಕು. ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ.

ಸುಲಭ ಅಂದುಕೊಂಡೆ. ನೆಟ್‌ನಲ್ಲಿ ಸೆಲ್ಫ್ ಎಂಪ್ಲಾಯ್ಡ್ ಟೈಲರ್ ಎಂಬ ಕೆಲಸಕ್ಕೆ ದೇಶಕ್ಕೆಲ್ಲ ಒಂದೇ ಮಾನದಂಡ ಇದೆ. AMH/Q1947 ಅಂತ ಅದರ ಕೋಡ್. ಉಡುಪು ಕ್ಷೇತ್ರದ ಸ್ಕಿಲ್ ಕೌನ್ಸಿಲ್ ಮಾಡಿದ್ದು. ಕೆಲಸವನ್ನು ಭಾಗ ಮಾಡಿ, ಪ್ರತಿ ಭಾಗಕ್ಕೆ ಏನೇನು ಮಾಡಿ ತೋರಿಸಬೇಕು ಅಂತ ಸಾಲಾಗಿ ಕೊಟ್ಟಿದ್ದಾರೆ. ಅದನ್ನು ಕನ್ನಡಕ್ಕೆ ಇಳಿಸಿ, ಟೈಪ್ ಮಾಡಿಸಿ, ಫೆಬ್ರವರಿಯಲ್ಲಿ ಕಳಿಸಿಬಿಟ್ಟೆ.

ಐದು ವಾರ ಸುದ್ದಿ ಇಲ್ಲ. ಮಾರ್ಚ್ ಕೊನೆಗೆ ಫೈಲು ವಾಪಸ್. ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಒಂದೇ ಪ್ರಶ್ನೆ: ‘ನಿಮ್ಮ ಹುಡುಗಿಯರು ಎಲ್ಲಿ ಕೆಲಸಕ್ಕೆ ಸೇರುತ್ತಾರೆ?’

ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಅದಕ್ಕೆ ನನ್ನ ಹತ್ತಿರ ನಿಜವಾದ ಉತ್ತರವೇ ಇರಲಿಲ್ಲ. ಕೆಲವರು ಪೇಟೆಯ ಟೈಲರ್ ಅಂಗಡಿಗೆ ಹೋಗುತ್ತಾರೆ. ಕೆಲವರು ಕುಶಾಲನಗರದ ಆಚೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಉಳಿದವರು ಮನೆಯಲ್ಲೇ. ಮೂರಕ್ಕೂ ಆಗುವ ಹಾಗೆ ಬರೆಯೋಣ ಅಂತ ಸಂಘದ ಅಧ್ಯಕ್ಷರು ಅಂದರು. ನಾನೂ ಹೂಂ ಅಂದೆ.

ಆಗಲ್ಲ ಅಂತ ಗೊತ್ತಾದದ್ದು ಒಂದು ಗಾರ್ಮೆಂಟ್ಸ್ ಒಳಗೆ ಅರ್ಧ ದಿನ ನಿಂತು ನೋಡಿದಾಗ. ಅಲ್ಲಿ ಕತ್ತರಿ ಮುಟ್ಟುವವರೇ ಬೇರೆ. ಹೊಲಿಯುವವಳ ಮುಂದೆ ಕತ್ತರಿಸಿದ ತುಂಡುಗಳ ಕಟ್ಟು ಬಂದು ಬೀಳುತ್ತದೆ. ಕಾಲರ್ ಕೂರಿಸುವವಳು ದಿನವಿಡೀ ಕಾಲರ್ ಕೂರಿಸುತ್ತಾಳೆ. ಗಂಟೆಗೆ ಎಷ್ಟು ಪೀಸು ಎಂಬುದೇ ಅಲ್ಲಿನ ಲೆಕ್ಕ. ಅಂಗಡಿಯಲ್ಲಿ ಇದರ ತದ್ವಿರುದ್ಧ. ಒಬ್ಬಳೇ ಗಿರಾಕಿ ಹತ್ತಿರ ಮಾತಾಡಬೇಕು, ಅಳತೆ ತೆಗೆಯಬೇಕು, ಕತ್ತರಿಸಬೇಕು, ಹೊಲಿಯಬೇಕು, ಬೈಸಿಕೊಳ್ಳಲೂ ಬೇಕು. ಮುನ್ನೂರು ಚಿಲ್ಲರೆ ಗಂಟೆಯಲ್ಲಿ ಎರಡನ್ನೂ ಕಲಿಸಲು ಹೋದರೆ ಎರಡೂ ಅರ್ಧಂಬರ್ಧ. ನಮ್ಮ ಕಡೆ ಮನೆಯಲ್ಲಿ ಹೊಲಿಯುವವರದ್ದೂ ಅಂಗಡಿಯದೇ ಕೆಲಸ. ಹಾಗಾಗಿ ಅಂಗಡಿ ಅಂತ ಗಟ್ಟಿ ಮಾಡಿಕೊಂಡೆವು. ಈ ತೀರ್ಮಾನ ಮೊದಲು ಮಾಡಿ, ಫಾರಂ ಆಮೇಲೆ ತೆರೆಯಿರಿ. ನಾನು ಉಲ್ಟಾ ಮಾಡಿ ಎರಡು ತಿಂಗಳು ಕಳೆದುಕೊಂಡೆ.

ಏಪ್ರಿಲ್‌ನಲ್ಲಿ ಪೇಟೆಯ ಒಂದು ಲೇಡೀಸ್ ಟೈಲರ್ ಅಂಗಡಿಗೆ ಹೋದೆ. ಅಂಗಡಿ ಅಕ್ಕನ ಮೊದಲ ಮಾತೇ ಚುಚ್ಚಿತು.

“ಟೀಚರೇ, ಹೋದ ವರ್ಷ ನಿಮ್ಮ ಹತ್ರ ಕಲಿತ ಹುಡುಗಿ ಒಬ್ಬಳನ್ನ ಇಟ್ಕೊಂಡಿದ್ದೆ. ಹೊಲಿಗೆ ಚೆನ್ನಾಗೇ ಹಾಕ್ತಾಳೆ. ಆದ್ರೆ ಮೂರು ಬ್ಲೌಸು ದೊಗಳೆ ಮಾಡಿ ಇಟ್ಲು. ವಾಪಸ್ ಕಳಿಸ್ದೆ.”

ಆ ಹುಡುಗಿ ನನ್ನ ಬ್ಯಾಚಿನಲ್ಲೇ ಒಳ್ಳೆಯವಳು. ಹೇಗೆ ದೊಗಳೆಯಾಗುತ್ತದೆ? ಅಕ್ಕ ಆರ್ಡರ್ ಪುಸ್ತಕ ತೆಗೆದು ತೋರಿಸಿದರು. ಅಲ್ಲಿ ನನಗೆ ಅರ್ಥವಾಯಿತು. ತಪ್ಪು ಅವಳದ್ದಲ್ಲ, ನನ್ನದು.

ನಾನು ಒಂಬತ್ತು ವರ್ಷವೂ ಮೈ ಅಳತೆಯಿಂದಲೇ ಕಲಿಸಿದ್ದೇನೆ. ಎದೆ ಸುತ್ತಳತೆ 34 ಇಂಚು ಬಂದರೆ ಅದಕ್ಕೆ ಒಂದೂವರೆ ಇಂಚು ಸಡಿಲ ಸೇರಿಸಿ 35½ಕ್ಕೆ ಗುರುತು ಹಾಕು ಅಂತ. ಆದರೆ ಅಂಗಡಿಗೆ ಬರುವ ಗಿರಾಕಿ ಮೈ ಅಳತೆ ಕೊಡುವುದೇ ಅಪರೂಪ. ಬಟ್ಟೆಯ ಜೊತೆ ಒಂದು ಅಳತೆ ಬ್ಲೌಸ್ ಇಟ್ಟು, ‘ಇದೇ ಥರ ಹೊಲಿದು ಇಡಿ’ ಅಂತ ಹೋಗುತ್ತಾರೆ. ಆ ಹುಡುಗಿ ಅಳತೆ ಬ್ಲೌಸಿನ ಹುಕ್ಕು ಹಾಕಿ, ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಕಂಕುಳಿಂದ ಕಂಕುಳಿಗೆ ಟೇಪು ಹಿಡಿದಿದ್ದಾಳೆ. 17¾ ಬಂತು. ಎರಡರಷ್ಟು ಮಾಡಿ 35½. ಅಲ್ಲಿಯವರೆಗೆ ಸರಿಯಾಗೇ ಇದೆ. ಆಮೇಲೆ ನಾನು ಕಲಿಸಿದ ಹಾಗೆ ಒಂದೂವರೆ ಸೇರಿಸಿ 37 ಮಾಡಿದ್ದಾಳೆ. ಅಳತೆ ಬ್ಲೌಸಿನಲ್ಲಿ ಆ ಸಡಿಲ ಆಗಲೇ ಸೇರಿದೆ, ಅಲ್ವಾ? ಎರಡು ಸಲ ಸೇರಿದ್ದಕ್ಕೆ ದೊಗಳೆ.

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ತುಂಬಾ ಬೇಜಾರಾಯಿತು. ಎಷ್ಟು ಜನರನ್ನು ಹೀಗೆ ಕಳಿಸಿದ್ದೇನೋ.

ಮರುದಿನದಿಂದ ಅದೇ ಅಂಗಡಿಯಲ್ಲಿ ನಾಲ್ಕು ದಿನ ಕೂತೆ. ಕೌಂಟರಿಗೆ ಬಂದ ಪ್ರತಿ ಕೆಲಸವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಟ್ಟು 46 ಕೆಲಸ. 19 ಆಲ್ಟರೇಷನ್, 11 ಸೀರೆ ಫಾಲ್ಸು ಮತ್ತು ಪೀಕೋ, 9 ಬ್ಲೌಸು, 4 ಚೂಡಿದಾರ್. ಉಳಿದ ಮೂರು ಜಿಪ್ಪು, ಬ್ಯಾಗು ಇಂಥದ್ದು. 9 ಬ್ಲೌಸಿನಲ್ಲಿ 8 ಅಳತೆ ಬ್ಲೌಸಿನ ಜೊತೆಗೇ ಬಂದವು. ಮಗುವಿನ ಫ್ರಾಕು ಒಂದೂ ಇಲ್ಲ, ದಿಂಬಿನ ಕವರಂತೂ ಇಲ್ಲವೇ ಇಲ್ಲ. ನಮ್ಮ ಹಾಳೆಯಲ್ಲಿ ಆಲ್ಟರೇಷನ್ ಎಂಬ ಪದವೇ ಇರಲಿಲ್ಲ!

ಅಕ್ಕ ಒಂದು ಲೈನಿಂಗ್ ಬ್ಲೌಸ್ ಹೊಲಿಯುವಾಗ ಫೋನಿನಲ್ಲಿ ಟೈಮ್ ಇಟ್ಟೆ. ಕತ್ತರಿಸಲು 25 ನಿಮಿಷ, ಮಷಿನ್ ಮೇಲೆ 95 ನಿಮಿಷ. ಹೆಮ್ಮಿಂಗ್, ಹುಕ್ಕು ಸೇರಿ ಕೈಕೆಲಸ 40 ನಿಮಿಷ. ಈ ಕೈಕೆಲಸವನ್ನು ಸಾಮಾನ್ಯವಾಗಿ ಅಕ್ಕ ಮಾಡುವುದಿಲ್ಲ. ಪಕ್ಕದ ಬೀದಿಯ ಒಬ್ಬರಿಗೆ ಮನೆಗೆ ಕಳಿಸುತ್ತಾರೆ, ಬ್ಲೌಸಿಗೆ ಇಷ್ಟು ಅಂತ ಕೊಡುತ್ತಾರೆ. ಅಂದರೆ ಕೈಕೆಲಸ ಒಂದನ್ನೇ ಚೊಕ್ಕವಾಗಿ ಕಲಿತರೂ ದುಡಿಯಬಹುದು. ನಾವು ಅದನ್ನು ಕೋರ್ಸಿನ ಕೊನೆಯಲ್ಲಿ, ಟೈಮ್ ಇದ್ದರೆ ಮಾಡಿಸುತ್ತಿದ್ದೆವು.

ಈಗ ಬರೆಯಲು ಕೂತಾಗ ಕೈ ಓಡಿತು. ಮೊದಲು ‘ಬ್ಲೌಸ್ ಹೊಲಿಯುವ ವಿಧಾನ ತಿಳಿಯುವುದು’ ಅಂತ ಇದ್ದದ್ದು ಹೀಗಾಯಿತು:

‘ಗಿರಾಕಿ ಕೊಟ್ಟ ಅಳತೆ ಬ್ಲೌಸ್, ಒಂದು ಮೀಟರ್ ಬಟ್ಟೆ ಮತ್ತು ಲೈನಿಂಗ್ ಬಳಸಿ, ಯಾರ ಸಹಾಯವೂ ಇಲ್ಲದೆ ಆರು ಗಂಟೆಯೊಳಗೆ ಒಂದು ಲೈನಿಂಗ್ ಬ್ಲೌಸ್ ಹೊಲಿದು ಮುಗಿಸುವುದು. ಎದೆ, ಸೊಂಟ, ತೋಳಿನ ಸುತ್ತು ಅಳತೆ ಬ್ಲೌಸಿಗಿಂತ ಕಾಲು ಇಂಚಿಗಿಂತ ಜಾಸ್ತಿ ಆಚೀಚೆ ಆಗಬಾರದು. ಎರಡೂ ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಟ್ಟಿರಬೇಕು.’

ಇದರಲ್ಲಿ ಮೂರು ಭಾಗ ಇದೆ ನೋಡಿ. ಕೈಗೆ ಏನು ಕೊಡುತ್ತೀರಿ, ಅವಳು ಏನು ಮಾಡಬೇಕು, ಎಷ್ಟು ಸರಿಯಾಗಿ ಮಾಡಿದರೆ ಆಯಿತು. ‘ತಿಳಿಯುವುದು’ ಅಂತ ಬರೆದರೆ ಅಳೆಯಲು ಏನೂ ಸಿಗುವುದಿಲ್ಲ. ಕಾಲು ಇಂಚು ಅಂತ ಬರೆದರೆ ಟೇಪು ಹಿಡಿದು ನೋಡಬಹುದು. ಆರು ಗಂಟೆ ಯಾಕೆ ಅಂದರೆ, ಹೊಸಬರಿಗೆ ದಿನಕ್ಕೆ ಒಂದು ಬ್ಲೌಸ್ ಆದರೂ ಮುಗಿಯಬೇಕು ಅಂತ ಅಕ್ಕ ಹೇಳಿದರು. ಅಕ್ಕನ ಎರಡು ಗಂಟೆ ನಲವತ್ತು ನಿಮಿಷವನ್ನೇ ಬರೆದಿದ್ದರೆ ಯಾರೂ ಪಾಸಾಗುತ್ತಿರಲಿಲ್ಲ. ಒಂದು ಇಂಚು ಒಳಗೆ ಬಿಡುವುದು ಮುಂದೆ ಬ್ಲೌಸ್ ಬಿಗಿಯಾದಾಗ ಬಿಚ್ಚಿ ಸಡಿಲ ಮಾಡಲು. ಅದಿಲ್ಲದಿದ್ದರೆ ಗಿರಾಕಿ ಮತ್ತೆ ಆ ಅಂಗಡಿಗೆ ಬರುವುದಿಲ್ಲ.

ಇದರ ಕೆಳಗೆ ಅಳತೆ ಬ್ಲೌಸ್ ಓದುವುದನ್ನೇ ಒಂದು ಸಣ್ಣ ಭಾಗ ಮಾಡಿದೆ. ಟೇಪು ಹಿಡಿಯುವ ಮೊದಲು ಗಿರಾಕಿಯನ್ನು ಕೇಳಬೇಕು: ಇದು ಈಗ ಸರಿಯಾಗಿ ಆಗುತ್ತದಾ, ಎಲ್ಲಾದರೂ ಬಿಗಿಯಾ? ಕತ್ತು, ತೋಳು ಇಷ್ಟೇ ಇರಲಾ? ಯಾವತ್ತಿಗೆ ಬೇಕು? ಅಳತೆ ಬ್ಲೌಸ್ ಎರಡು ವರ್ಷ ಹಳೆಯದಾಗಿರಬಹುದು, ಒಗೆದು ಕುಗ್ಗಿರಬಹುದು. ಕೇಳದೆ ಅದನ್ನೇ ಇಳಿಸಿದರೆ ಹಳೆಯ ಬ್ಲೌಸಿನ ತಪ್ಪು ಹೊಸದಕ್ಕೂ ಬರುತ್ತದೆ. ಉತ್ತರವನ್ನು ಆರ್ಡರ್ ಪುಸ್ತಕದಲ್ಲಿ ಬರೆಯಬೇಕು. ಮೈ ಅಳತೆಯನ್ನು ಬಿಟ್ಟಿಲ್ಲ. ಆದರೆ ಆರ್ಡರ್ ಪುಸ್ತಕದ ಮೇಲೆ ‘ಮೈ’ ಅಥವಾ ‘ಬ್ಲೌಸ್’ ಅಂತ ಮೊದಲು ಬರೆದೇ ಅಂಕಿ ಬರೆಯಬೇಕು ಅಂತ ಮಾಡಿದ್ದೇವೆ. ಒಂದೂವರೆ ಇಂಚು ಸೇರಿಸಬೇಕೋ ಬೇಡವೋ ಅಂತ ಆ ಒಂದು ಪದವೇ ಹೇಳುತ್ತದೆ.

ಮೇ ತಿಂಗಳಲ್ಲಿ ಎರಡನೇ ಸಲ ಫೈಲು ಕೊಟ್ಟೆ. ಜೊತೆಗೆ ಕೆಲಸ ಕೊಡುವವರ ಪತ್ರ ಮೂರು ಬೇಕು ಅಂದರು, ಲೆಟರ್‌ಹೆಡ್‌ನಲ್ಲಿ. ನಮ್ಮ ಕಡೆ ಯಾವ ಟೈಲರ್ ಅಂಗಡಿಗೆ ಲೆಟರ್‌ಹೆಡ್ ಇದೆ? ಇದಕ್ಕೇ ಮೂರು ವಾರ ಅಲೆದೆ. ಕೊನೆಗೆ ಒಪ್ಪಿದ್ದು ಹೀಗೆ: ಬಿಳಿ ಹಾಳೆಯಲ್ಲಿ ಕೈಬರಹದ ಪತ್ರ, ಅಂಗಡಿ ಸೀಲು, ಅದರ ಹಿಂದೆ ಪಟ್ಟಣ ಪಂಚಾಯಿತಿಯ ಟ್ರೇಡ್ ಲೈಸೆನ್ಸ್ ಜೆರಾಕ್ಸ್ ಮತ್ತು ಬಿಲ್ ಪುಸ್ತಕದ ಒಂದು ಹಾಳೆ. ಪತ್ರದಲ್ಲಿ ‘ಕೋರ್ಸು ಚೆನ್ನಾಗಿದೆ’ ಅಂತ ಬರೆಸಬೇಡಿ, ಅದನ್ನು ಯಾರೂ ಓದುವುದಿಲ್ಲ. ‘ಹೊಸಬರಿಗೆ ಮೊದಲ ತಿಂಗಳು ಈ ಈ ಕೆಲಸ ಕೊಡುತ್ತೇನೆ’ ಅಂತ ಬರೆಸಿ.

ಜುಲೈನಲ್ಲಿ ಮತ್ತೆ ವಾಪಸ್. ಆ ಜುಲೈ ಮಳೆ ನೆನೆಸಿಕೊಂಡರೆ ಈಗಲೂ ಬೇಡ ಅನಿಸುತ್ತದೆ. ಮೂರು ದಿನ ಕರೆಂಟಿಲ್ಲ, ಫೋನ್ ಚಾರ್ಜಿಲ್ಲ, ಮಡಿಕೇರಿಗೆ ಹೋಗಿ ಫೈಲು ತರುವಷ್ಟರಲ್ಲಿ ಪ್ಲಾಸ್ಟಿಕ್ ಕವರಿನ ಒಳಗೂ ಹಾಳೆ ಮೆತ್ತಗಾಗಿತ್ತು. ಈ ಸಲದ ತಕರಾರು ಗಂಟೆಗಳ ಬಗ್ಗೆ. ನಾನು ಒಟ್ಟು 340 ಗಂಟೆ ಹಾಕಿದ್ದೆ. ಈಗ 2023ರಿಂದ ಬಂದ ಕ್ರೆಡಿಟ್ ಪದ್ಧತಿಯಲ್ಲಿ 30 ಗಂಟೆ ಕಲಿಕೆಗೆ ಒಂದು ಕ್ರೆಡಿಟ್. 340ನ್ನು 30ರಿಂದ ಭಾಗಿಸಿದರೆ ಪೂರ್ತಿ ಆಗುವುದಿಲ್ಲ. ಪ್ರತಿ ಯೂನಿಟ್ಟೂ 30ರ ಲೆಕ್ಕಕ್ಕೆ ಕೂರಬೇಕು ಅಂದರು. ಇನ್ನೊಂದು ಮಾತೂ ಇತ್ತು, ‘ಯೂನಿಟ್‌ಗಳ ಕ್ರಮಕ್ಕೆ ಕಾರಣ ಕೊಡಿ’.

ಇದೇ ಹೊತ್ತಿನಲ್ಲಿ ನಾನು ಫೈಲನ್ನು ಬೀರುವಿನ ಮೇಲೆ ಹಾಕಿದ್ದು. ಮತ್ತೆ ಕೆಳಗಿಳಿಸಲು ಕಾರಣ ಒಂದು ಲೈನಿಂಗ್ ಬಟ್ಟೆ. ಕಾಟನ್ ಲೈನಿಂಗ್ ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಒಳಗಿನ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಸುಕ್ಕುಸುಕ್ಕಾಗಿ ಎಳೆಯುತ್ತದೆ. ಜುಲೈನಲ್ಲಿ ನಾನು ನೆನೆಸಿಟ್ಟ ಲೈನಿಂಗ್ ಮೂರನೇ ದಿನವೂ ಹಸಿಯಾಗೇ ಇತ್ತು, ವಾಸನೆ ಬೇರೆ. ಓಹೋ, ಕ್ರಮಕ್ಕೆ ಕಾರಣ ಇಲ್ಲೇ ಇದೆಯಲ್ಲ ಅನಿಸಿತು.

ಕೊಡಗಿನ ಕ್ಯಾಲೆಂಡರ್ ಇಟ್ಟುಕೊಂಡು ಕೂತೆ. ನವೆಂಬರಿನಿಂದ ಕಾಫಿ ಕುಯ್ಲು. ಆಗ ನಮ್ಮ ಹುಡುಗಿಯರಲ್ಲಿ ಅರ್ಧಕ್ಕರ್ಧ ತೋಟದಲ್ಲಿರುತ್ತಾರೆ, ತರಗತಿಗೆ ಬಾ ಅಂದರೆ ಯಾರು ಬರುತ್ತಾರೆ? ಆದ್ದರಿಂದ ಮೇ ಮಧ್ಯದಲ್ಲಿ ಶುರು, ಅಕ್ಟೋಬರ್ ಮೊದಲಿಗೆ ಮುಗಿಯಬೇಕು. ಮೊದಲ 30 ಗಂಟೆ ಮಷಿನ್: ನೂಲು ಹಾಕುವುದು, ಬಾಬಿನ್, ಬಟ್ಟೆಗೆ ತಕ್ಕ ಸೂಜಿ, ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಸೂಜಿ ತಿರುಗಾಮುರುಗಾ ಹಾಕಿದೆಯಾ ಅಂತ ನೋಡುವುದು. ಆಮೇಲೆ 30 ಗಂಟೆ ಕೈಕೆಲಸ, ಫಾಲ್ಸು, ಪೀಕೋ. ಜೂನ್‌ನಲ್ಲಿ 60 ಗಂಟೆ ಆಲ್ಟರೇಷನ್, ಯಾಕೆಂದರೆ ಶಾಲೆ ತೆರೆದ ಮೇಲೆ ಯೂನಿಫಾರ್ಮ್ ಉದ್ದ ಮಾಡಿ, ಗಿಡ್ಡ ಮಾಡಿ ಅಂತ ನಿಜವಾದ ಕೆಲಸವೇ ಸಿಗುತ್ತದೆ. ಜುಲೈನಲ್ಲಿ 60 ಗಂಟೆ ಲೈನಿಂಗ್ ಇಲ್ಲದ ಚೂಡಿದಾರ್, ಕರೆಂಟ್ ಹೋದರೂ ಕಾಲಿನ ಮಷಿನ್‌ನಲ್ಲಿ ನಡೆಯುತ್ತದೆ. ಬ್ಲೌಸಿನ 120 ಗಂಟೆ ಮಳೆ ಸ್ವಲ್ಪ ಇಳಿಯುವ ಹೊತ್ತಿಗೆ. ಕೊನೆಯ 60 ಗಂಟೆ ಅಂಗಡಿಯಲ್ಲಿ, ದಸರಾ, ದೀಪಾವಳಿ ಆರ್ಡರುಗಳಿಗೆ ಅಂಗಡಿಯವರಿಗೇ ಕೈ ಬೇಕಾಗುವ ಸಮಯ. ಒಟ್ಟು 360 ಗಂಟೆ, 12 ಕ್ರೆಡಿಟ್. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ ಅಂದರೆ 18 ವಾರ. ಮಳೆ ರಜೆಗೆ ಅಂತ ಎರಡು ವಾರ ಬೇರೆ ಇಟ್ಟೆವು. ಅದನ್ನು ಇಡದೆ ಮಾಡಿದ ವೇಳಾಪಟ್ಟಿ ನಮ್ಮ ಕಡೆ ಸುಮ್ನೆ ಗೋಡೆಗೆ ಅಂಟಿಸಲು ಮಾತ್ರ.

ಒಂದು ಎಚ್ಚರ. ಪೂರ್ತಿ ಕಾಲಿನ ಮಷಿನ್‌ನಲ್ಲೇ ಕಲಿಸಬೇಡಿ. ಅಂಗಡಿಯಲ್ಲಿ ಇರುವುದು ಪವರ್ ಮಷಿನ್. ಅಭ್ಯಾಸ ಇಲ್ಲದ ಕಾಲು ಒತ್ತಿದ ಕೂಡಲೇ ಹೊಲಿಗೆ ಗೆರೆ ದಾಟಿ ಓಡುತ್ತದೆ. ನಮ್ಮಲ್ಲಿ ಇರುವುದು ಎರಡೇ ಆದ್ದರಿಂದ ಸರದಿ ಪಟ್ಟಿ ಹಾಕಿ, ಒಬ್ಬೊಬ್ಬರಿಗೂ ಕನಿಷ್ಠ ಹತ್ತು ಗಂಟೆ ಅಂತ ಬರೆದೆವು. ಸಂಘದಲ್ಲಿ ಒಬ್ಬರು ಕುಪ್ಯವನ್ನೂ ಸೇರಿಸಿ ಅಂದರು. ನಮ್ಮ ಊರಿನ ಉಡುಪು, ಆಸೆ ನನಗೂ ಇದೆ. ಆದರೆ ಅದಕ್ಕೆ ಪಳಗಿದ ಕೈ ಬೇಕು, ಆರ್ಡರ್ ಹೋಗುವುದೂ ಅಂಥ ಕೆಲವೇ ಅಂಗಡಿಗೆ. ಹೊಸಬರಿಗೆ ಮೊದಲ ವರ್ಷ ಯಾರೂ ಕೊಡುವುದಿಲ್ಲ. ಬಿಟ್ಟೆವು.

ಕೊನೆಯ ತೊಡಕು ಪರೀಕ್ಷೆಯದ್ದು. ಆಗಸ್ಟ್ ಕೊನೆಯಲ್ಲಿ ಐದು ಜನ ಹಳೆ ವಿದ್ಯಾರ್ಥಿನಿಯರನ್ನು ಕರೆದು, ಬಟ್ಟೆ ಕೊಟ್ಟು, ನಮ್ಮ ಹೊಸ ಬ್ಲೌಸ್ ಪರೀಕ್ಷೆಯನ್ನೇ ಮಾಡಿ ನೋಡಿದೆವು. ನಾನು ಮತ್ತು ಅಂಗಡಿ ಅಕ್ಕ ಬೇರೆ ಬೇರೆಯಾಗಿ ಅಂಕ ಹಾಕಿದೆವು. ಒಂದೇ ಬ್ಲೌಸಿಗೆ ನಾನು 71, ಅಕ್ಕ 48. ಯಾಕೆಂದರೆ ಪಟ್ಟಿಯಲ್ಲಿ ‘ಹೊಲಿಗೆಯ ಅಂದ: 20 ಅಂಕ’ ಅನ್ನುವಂಥ ಸಾಲುಗಳು ಇದ್ದವು. ನನ್ನ ಅಂದ ಬೇರೆ, ಅಕ್ಕನ ಅಂದ ಬೇರೆ.

ಅದಕ್ಕಿಂತ ದೊಡ್ಡದು ಇನ್ನೊಂದು ಬ್ಲೌಸಿನಲ್ಲಿ ಕಂಡಿತು. ಹುಡುಗಿ ಎರಡು ತೋಳನ್ನೂ ಒಂದೇ ಕಡೆಗೆ ಕತ್ತರಿಸಿದ್ದಳು. ತೋಳಿನ ಮುಂಭಾಗದ ತಿರುವು ಹಿಂಭಾಗಕ್ಕಿಂತ ಆಳ. ಪ್ರಿಂಟ್ ಬಟ್ಟೆಯನ್ನು ಮುಖಕ್ಕೆ ಮುಖ ಮಡಚದೆ ಕತ್ತರಿಸಿದರೆ ಎರಡೂ ಎಡಗೈ ತೋಳೇ ಆಗುತ್ತವೆ. ತಿರುಗಿಸಿ ಹಾಕೋಣ ಅಂದರೆ ಬಟ್ಟೆಯ ಉಲ್ಟಾ ಮುಖ ಹೊರಗೆ ಬರುತ್ತದೆ. ಉಳಿದದ್ದೆಲ್ಲ ಚೆನ್ನಾಗಿದ್ದರಿಂದ ಅವಳಿಗೆ 64 ಬಂದು ಪಾಸು! ಅಂಗಡಿಯಲ್ಲಾದರೆ ಅದು ಗಿರಾಕಿಗೆ ಬಟ್ಟೆಯ ದುಡ್ಡು ಕೊಡುವ ತಪ್ಪು.

“64 ಕೊಟ್ಟು ನನ್ನ ಅಂಗಡಿಗೆ ಕಳಿಸ್ತೀರಾ?” ಅಂತ ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಪಟ್ಟಿ ಬದಲಾಯಿತು. ‘ಅಂದ’ ತೆಗೆದು, ‘ಒಂದು ಇಂಚಿಗೆ 10ರಿಂದ 12 ಹೊಲಿಗೆ ಇದೆಯೇ, ಹೌದು ಅಥವಾ ಇಲ್ಲ’ ಅನ್ನುವಂಥ ಪ್ರಶ್ನೆ ಹಾಕಿದೆವು. ನಾಲ್ಕು ವಿಷಯವನ್ನು ಅಂಕದಿಂದ ಹೊರಗೆ ತಂದೆವು: ಅಳತೆ ಕಾಲು ಇಂಚಿನೊಳಗೆ ಇರುವುದು, ಎಡ ಬಲ ತೋಳು ಸರಿ ಇರುವುದು, ಪಕ್ಕದಲ್ಲಿ ಒಂದು ಇಂಚು ಬಿಟ್ಟಿರುವುದು, ಆರ್ಡರ್ ಪುಸ್ತಕ ಸರಿಯಾಗಿ ತುಂಬಿರುವುದು. ಇವುಗಳಲ್ಲಿ ಒಂದು ತಪ್ಪಿದರೂ ಬೇರೆ ಕಡೆ ಎಷ್ಟೇ ಅಂಕ ಬಂದಿರಲಿ, ಆ ಬ್ಲೌಸ್ ಮತ್ತೆ ಮಾಡಬೇಕು. ಅದೇ ಐದು ಬ್ಲೌಸುಗಳನ್ನು ಹೊಸ ಪಟ್ಟಿಯಲ್ಲಿ ನೋಡಿದಾಗ ಅಕ್ಕನಿಗೂ ನನಗೂ ಎರಡೇ ಪ್ರಶ್ನೆಯಲ್ಲಿ ಅಭಿಪ್ರಾಯ ಬೇರೆಯಾಯಿತು. ಪಾಸಾದದ್ದು ಇಬ್ಬರು ಮಾತ್ರ. ನನ್ನದೇ ವಿದ್ಯಾರ್ಥಿನಿಯರು, ಹೇಳಿಕೊಳ್ಳಲು ಕಷ್ಟವೇ.

ಸೆಪ್ಟೆಂಬರ್ ಮಧ್ಯಕ್ಕೆ ಮೂರನೇ ಸಲ ಕೊಟ್ಟೆ. ಆ ಐದು ಬ್ಲೌಸುಗಳ ಫೋಟೋ, ತುಂಬಿದ ಪಟ್ಟಿಗಳು, ನಾಲ್ಕು ದಿನದ ನೋಟ್‌ಬುಕ್ಕಿನ ಜೆರಾಕ್ಸ್, ಎಲ್ಲ ಜೊತೆಗಿಟ್ಟೆ. ನೋಡಲು ಬಂದವರು ಹೆಚ್ಚು ಹೊತ್ತು ತಿರುವಿ ಹಾಕಿದ್ದು ಆ ನೋಟ್‌ಬುಕ್ಕನ್ನೇ. ಅದರ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಮೊದಲ ಫೈಲಿನ ಜೊತೆ ನಾನು ಕೊಟ್ಟ ಒಂದು ಮೂಲ ಪತ್ರ ಇವತ್ತಿಗೂ ಸಿಕ್ಕಿಲ್ಲ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಜೆರಾಕ್ಸ್ ಮತ್ತು ಬೈಂಡಿಂಗ್‌ಗೆ 1,340 ರೂಪಾಯಿ, ಟೈಪಿಂಗ್‌ಗೆ 1,200, ಪರೀಕ್ಷೆ ಮಾಡಿ ನೋಡಿದ ಬಟ್ಟೆ, ಲೈನಿಂಗ್, ಹುಕ್ಕು, ನೂಲಿಗೆ 2,150. ಓಡಾಟಕ್ಕೆ 860. ಸರ್ಕಾರಿ ಬಸ್ಸು ಸಿಕ್ಕ ದಿನ ನಮಗೆ ಫ್ರೀ, ಸಿಗದ ದಿನ ಪ್ರೈವೇಟ್, ಅದಕ್ಕೇ ಅಷ್ಟು. ಒಟ್ಟು 5,550. ಸಂಘ ಬಟ್ಟೆಯ ದುಡ್ಡು ಕೊಟ್ಟಿದೆ, ಉಳಿದದ್ದು ಕೊಡುತ್ತೇವೆ ಅಂದಿದ್ದಾರೆ.

ಮೊದಲ ಬ್ಯಾಚು ಮೇ ತಿಂಗಳಲ್ಲಿ. ಕಲಿಸಲು ಅಳತೆ ಬ್ಲೌಸುಗಳೇ ಬೇಕಲ್ಲ, ಮನೆಯಲ್ಲಿ ಹಳೆಯದಿದ್ದರೆ ಎಸೆಯಬೇಡಿ ಅಂತ ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಇಲ್ಲಿಯವರೆಗೆ 17 ಬಂದಿವೆ. ಹುಕ್ಕು ಪೂರ್ತಿ ಇರುವುದು ನಾಲ್ಕಕ್ಕೆ ಮಾತ್ರ. ಉಳಿದ 13ಕ್ಕೆ ಹುಕ್ಕು ಹಾಕುವುದನ್ನು ಎರಡನೇ ಯೂನಿಟ್‌ನ ಹುಡುಗಿಯರಿಗೇ ಬಿಟ್ಟಿದ್ದೇನೆ.